ಪಾವಗಡದ ವಿಳಾಸಕ್ಕೆ ಬರೆದ ಇನ್‌ವಾಯ್ಸ್

ಫೋನ್ ಬಂದಾಗ ನಾನು ಶಿರಾದ ನಮ್ಮ ಮನೆಯಲ್ಲಿ ಬೆಂಡೆಕಾಯಿ ಹೆಚ್ಚುತ್ತಿದ್ದೆ. ಬೆಳಗ್ಗೆ ಹತ್ತೂವರೆ ಇರಬಹುದು. ಮಾತಾಡಿದವರು ಪಾವಗಡದ ಕಡೆಯ ಒಂದು ಕಡ್ಲೆ ಮಿಠಾಯಿ ಘಟಕದಲ್ಲಿ ಲೆಕ್ಕಪತ್ರ ನೋಡುವವರು. ನಾನು ಆ ಘಟಕಕ್ಕೆ ಹೊಸದಾಗಿ ಸಲಹೆಗಾರಳಾಗಿ ಸೇರಿ ಎರಡನೇ ತಿಂಗಳು ನಡೆಯುತ್ತಿತ್ತು.

“ಮೇಡಂ, ಹೋದ ತಿಂಗಳ ನಿಮ್ಮ ಬಿಲ್ಲಿನ ತೆರಿಗೆ ನಾವು ಕಟ್ಟೋ ತೆರಿಗೇಲಿ ವಜಾ ಮಾಡ್ಕೊಳ್ಳೋಕೆ ಸಿಗಲ್ಲ ಅಂತ ಜಿಎಸ್‌ಟಿ ಪೋರ್ಟಲ್‌ನಲ್ಲಿ ತೋರಿಸ್ತೈತೆ,” ಅಂದರು. “ನಾಲ್ಕು ಸಾವಿರದ ಮುನ್ನೂರ ಇಪ್ಪತ್ತು ರೂಪಾಯಿ. ನೀವು ಕರ್ನಾಟಕದ ತೆರಿಗೆ ಹಾಕಿದ್ದೀರಿ.”

“ಕರ್ನಾಟಕದ್ದೇ ಅಲ್ವಾ ಹಾಕಬೇಕಾದ್ದು?”

“ನಮ್ಮ ರಿಜಿಸ್ಟ್ರೇಷನ್ ಆಂಧ್ರದ್ದು ಮೇಡಂ.”

ಚಾಕು ಕೆಳಗಿಟ್ಟೆ. ಅವರು ಇನ್ನೂ ಏನೋ ಹೇಳುತ್ತಿದ್ದರು. ನನ್ನ ಕಿವಿಗೆ ಹೋಗಲಿಲ್ಲ.

ನನ್ನ ಕೆಲಸ ಏನೆಂದು ಇಲ್ಲಿ ಹೇಳಿಬಿಡುತ್ತೇನೆ. ತುಮಕೂರಿನ ಒಂದು ಆಹಾರ ಪರೀಕ್ಷೆಯ ಲ್ಯಾಬಿನಲ್ಲಿ ಹನ್ನೆರಡು ವರ್ಷ ದುಡಿದೆ. ಅದು ಮುಚ್ಚಿದ ಮೇಲೆ ಊರಿಗೆ ಬಂದೆ. ಕಡ್ಲೆಬೀಜದ ವ್ಯವಹಾರ ಮಾಡುವವರಿಗೆ ಒಂದೇ ಹೆದರಿಕೆ, ಬೂಷ್ಟು. ತೇವ ಉಳಿದ ಬೀಜಕ್ಕೆ ಬೂಷ್ಟು ಹಿಡಿದರೆ ವಿಷವಾಗುತ್ತದೆ, ಕಣ್ಣಿಗೆ ಕಾಣುವುದಿಲ್ಲ, ದೊಡ್ಡ ಕಂಪನಿಗಳು ಇಡೀ ಲೋಡು ವಾಪಸ್ ಕಳಿಸುತ್ತವೆ. ನಾನು ಹೋಗಿ ತೇವಾಂಶ ನೋಡಿ, ಬೀಜ ಆರಿಸುವ ಹೆಂಗಸರಿಗೆ ಏನನ್ನು ಎತ್ತಿ ಹಾಕಬೇಕೆಂದು ತೋರಿಸಿ, ದಾಖಲೆಗಳನ್ನು ಸರಿ ಮಾಡಿಕೊಡುತ್ತೇನೆ. ಒಂದು ಭೇಟಿಗೆ ಆರು ಸಾವಿರ. ಮೊದಲ ಗಿರಾಕಿ ಶಿರಾದಲ್ಲೇ ಇರುವ ಒಂದು ಗೋಡೌನಿನವರು. ಜಿಎಸ್‌ಟಿ ನೋಂದಣಿ ಮಾಡಿಸಲೇಬೇಕಾದಷ್ಟು ಆದಾಯ ನನಗೆ ಇರಲಿಲ್ಲ. ಆದರೆ ಅವರು “ಟ್ಯಾಕ್ಸ್ ಇನ್‌ವಾಯ್ಸ್ ಕೊಟ್ರೆ ಮಾತ್ರ ಆಗುತ್ತೆ” ಅಂದದ್ದಕ್ಕೆ ಮಾಡಿಸಿಕೊಂಡೆ.

ಎರಡನೆಯ ಗಿರಾಕಿ ಈ ಮಿಠಾಯಿ ಘಟಕದ ಯಜಮಾನಿ. ನನಗಿಂತ ಏಳೆಂಟು ವರ್ಷ ದೊಡ್ಡವರು, ಪಾವಗಡದಲ್ಲಿ ಮನೆ. ನಾನು ಅಕ್ಕ ಅನ್ನುತ್ತಿದ್ದೆ. ಮೊದಲ ಮಾತುಕತೆ ನಡೆದದ್ದು ಅವರ ಮನೆಯ ಜಗಲಿಯಲ್ಲಿ. ಘಟಕ ಇದ್ದದ್ದು ಅಲ್ಲಿಂದ ಆಟೋದಲ್ಲಿ ಇಪ್ಪತ್ತು ನಿಮಿಷ, ಅವರ ತವರಿನ ಜಮೀನಿನಲ್ಲಿ. ಆ ಜಮೀನು ಆಂಧ್ರದಲ್ಲಿದೆ ಎಂಬುದು ನನಗೆ ಗೊತ್ತಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಗೊತ್ತಿತ್ತು, ಮನಸ್ಸಿಗೆ ಬಂದಿರಲಿಲ್ಲ. ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ಬಸ್ಸೇ ನಡುವೆ ಆಂಧ್ರಕ್ಕೆ ಹೋಗಿ ಮತ್ತೆ ಕರ್ನಾಟಕಕ್ಕೆ ಬರುತ್ತದೆ. ಅಂಗಡಿ ಬೋರ್ಡುಗಳು ತೆಲುಗಾಗಿ ತಿರುಗಿ ಕನ್ನಡವಾಗುವಷ್ಟರಲ್ಲಿ ನಿದ್ದೆ ಬಂದಿರುತ್ತದೆ. ಆರಿಸುವ ಹೆಂಗಸರು ಒಂದೇ ವಾಕ್ಯದಲ್ಲಿ ಎರಡೂ ಭಾಷೆ ಆಡುತ್ತಾರೆ. ಅಲ್ಲಿ ಗೆರೆ ಎಲ್ಲಿದೆ ಎಂದು ಯಾರೂ ನೋಡಿಕೊಂಡು ಓಡಾಡುವುದಿಲ್ಲ.

ಫೋನ್ ಇಟ್ಟ ಮೇಲೆ ಲ್ಯಾಪ್‌ಟಾಪ್ ತೆರೆದೆ. ಇನ್‌ವಾಯ್ಸ್‌ನಲ್ಲಿ ಏನೇನು ಇರಬೇಕೋ ಎಲ್ಲ ಇತ್ತು. ನನ್ನ ಹೆಸರು, ವಿಳಾಸ, ಜಿಎಸ್‌ಟಿ ನಂಬರು, ಬಿಲ್ಲಿನ ಕ್ರಮಸಂಖ್ಯೆ, ತಾರೀಖು, ಸೇವೆಯ ಕೋಡು ೯೯೮೩. ಗಿರಾಕಿಯ ವಿಳಾಸದ ಜಾಗದಲ್ಲಿ ಪಾವಗಡದ ಆ ಮನೆ. ಕೆಳಗೆ ನಾಲ್ಕು ಭೇಟಿ, ಇಪ್ಪತ್ನಾಲ್ಕು ಸಾವಿರ, ಕೇಂದ್ರದ ಜಿಎಸ್‌ಟಿ ಶೇಕಡಾ ಒಂಬತ್ತು, ಎರಡು ಸಾವಿರದ ನೂರ ಅರವತ್ತು, ರಾಜ್ಯದ್ದೂ ಅಷ್ಟೇ. ಒಟ್ಟು ಇಪ್ಪತ್ತೆಂಟು ಸಾವಿರದ ಮುನ್ನೂರ ಇಪ್ಪತ್ತು. ಗಿರಾಕಿಯ ಜಿಎಸ್‌ಟಿ ನಂಬರು ಅವರ ವಾಟ್ಸಾಪ್ ಸಂದೇಶದಿಂದ ಹಾಗೇ ನಕಲು ಮಾಡಿದ್ದೆ. ಅದರ ಮೊದಲ ಎರಡು ಅಂಕಿ ಮೂವತ್ತೇಳು. ಆಂಧ್ರದ ಅಂಕಿ. ನಮ್ಮದು ಇಪ್ಪತ್ತೊಂಬತ್ತು.

ಅದಕ್ಕಿಂತ ಹೆಚ್ಚಾಗಿ ಕಾಡಿದ್ದು ಇನ್ನೊಂದು ನೆನಪು. ತಿಂಗಳ ರಿಟರ್ನ್ ನಾನೇ ಹಾಕಿದ್ದೆ. ಪೋರ್ಟಲ್‌ನಲ್ಲಿ ಆ ನಂಬರು ಹಾಕಿದ ಕೂಡಲೇ ಸೇವೆ ಸಲ್ಲಿಸಿದ ಸ್ಥಳ ಎಂಬ ಕಡೆ ತಾನಾಗಿಯೇ ಆಂಧ್ರಪ್ರದೇಶ ಎಂದು ಬಂದಿತ್ತು. ಇದೇನು ತಪ್ಪು ತೋರಿಸುತ್ತಿದೆ ಎಂದು ನಾನೇ ಅದನ್ನು ಕರ್ನಾಟಕ ಎಂದು ಬದಲಾಯಿಸಿದ್ದೆ. ಯಂತ್ರ ಸರಿಯಾಗಿ ಹೇಳಿತ್ತು. ನಾನು ತಿದ್ದಿ ಕೆಡಿಸಿದ್ದೆ.

ನನ್ನ ಅಮ್ಮಿ ಬಂದು ನೋಡಿದರು. “ಕ್ಯಾ ಹುವಾ? ಮುಖ ಯಾಕೆ ಹಿಂಗಾಗಿದೆ?”

“ಒಂದು ಬಿಲ್ಲು ತಪ್ಪಾಗಿದೆ.”

“ಇನ್ನೊಂದು ಬರ್ಕೊಡು.”

ಲೆಕ್ಕದವರೂ ಅದನ್ನೇ ಹೇಳಿದರು. ಮಧ್ಯಾಹ್ನ ಮತ್ತೆ ಫೋನ್ ಮಾಡಿ, “ಟೆನ್ಷನ್ ತಗೋಬೇಡಿ ಮೇಡಂ. ಅದೇ ನಂಬರು, ಅದೇ ತಾರೀಖು ಹಾಕಿ ಐಜಿಎಸ್‌ಟಿ ಮಾಡಿ ಕಳಿಸಿ. ಹಳೇದನ್ನ ನಾನು ಹರಿದಾಕ್ತೀನಿ. ಪರ್ವಾಲೇದು,” ಅಂದರು. ಐಜಿಎಸ್‌ಟಿ ಅಂದರೆ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಕೊಟ್ಟ ಸರಕು, ಸೇವೆಗೆ ಹಾಕುವ ತೆರಿಗೆ. ದರ ಅದೇ ಹದಿನೆಂಟು, ಆದರೆ ಎರಡು ಸಾಲಿನ ಬದಲು ಒಂದೇ ಸಾಲು.

ನಾನು ಹಾಗೇ ಮಾಡಿದೆ. ಹಳೆಯ ಫೈಲು ತೆರೆದು, ವಿಳಾಸ ಬದಲಿಸಿ, ಎರಡು ಸಾಲು ಅಳಿಸಿ ಒಂದು ಸಾಲು ಬರೆದೆ. ಹತ್ತು ನಿಮಿಷದ ಕೆಲಸ. ಕಳಿಸಲು ಹೋದಾಗ ಬೆರಳು ನಿಂತಿತು. ಹಳೆಯದನ್ನು ಅವರು ಹರಿದರೂ ಪೋರ್ಟಲ್‌ನಲ್ಲಿ ಅದು ಇದ್ದೇ ಇದೆ, ಅದರ ತೆರಿಗೆಯನ್ನೂ ನಾನು ಕಟ್ಟಿಯಾಗಿದೆ. ಒಂದೇ ನಂಬರಿನ ಎರಡು ಬಿಲ್ಲು, ಎರಡು ಥರದ ತೆರಿಗೆ. ನಾಳೆ ಯಾರಾದರೂ ಕೇಳಿದರೆ ಯಾವುದು ನಿಜ ಅನ್ನಲಿ? ಕಳಿಸಲಿಲ್ಲ. ಆದರೆ ಅಳಿಸಲೂ ಇಲ್ಲ. ಆ ಫೈಲು ಪರದೆಯ ಮೇಲೆ ಹಾಗೇ ಕೂತಿತ್ತು.

ಮರುದಿನ ಬೆಳಗ್ಗೆ ಮಧುಗಿರಿ ಬಸ್ ಹತ್ತಿದೆ. ನನಗೆ ನೋಂದಣಿ ಮಾಡಿಸಿಕೊಟ್ಟ ತೆರಿಗೆ ಸಲಹೆಗಾರರು ಅಲ್ಲಿದ್ದರು. ಹಿಂದೆ ಕಾಲೇಜಿನಲ್ಲಿ ಕಾಮರ್ಸ್ ಹೇಳಿಕೊಡುತ್ತಿದ್ದರಾದ್ದರಿಂದ ಊರಿಗೆಲ್ಲ ಮೇಷ್ಟ್ರು. ರಿಟರ್ನ್ ನಾನೇ ಹಾಕಿಕೊಳ್ತೀನಿ ಎಂದು ಅವರಿಗೆ ಜಂಬದಿಂದ ಹೇಳಿ ಬಂದಿದ್ದೆ. ಈಗ ಅವರ ಎದುರು ಹೋಗಿ ಕೂರುವುದು ಬಿಲ್ಲಿಗಿಂತ ಕಷ್ಟವಾಗಿತ್ತು.

ಅವರು ಇನ್‌ವಾಯ್ಸ್ ನೋಡಿದರು. ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು.

“ಎರಡೂ ರಿಟರ್ನ್ ಹಾಕಿದ್ಯೇನಮ್ಮ? ಬಿಲ್ಲಿನ ವಿವರದ್ದೂ, ತೆರಿಗೆ ಕಟ್ಟೋ ತ್ರೀ-ಬಿನೂ?”

“ಹದಿನೆಂಟಕ್ಕೆ ಹಾಕಿದೆ ಸಾರ್. ತೆರಿಗೆನೂ ಕಟ್ಟಿದ್ದೀನಿ.”

“ಅದಕ್ಕೆ ಮುಂಚೆ ಬಂದಿದ್ರೆ ಆ ತಿಂಗಳಲ್ಲೇ ತಿದ್ದಬೋದಿತ್ತು. ಇರಲಿ ಬುಡು. ಅವರು ಹಣ ಕೊಟ್ಟವ್ರಾ?”

“ಇಲ್ಲ.”

“ದಂಡ ಬೀಳುತ್ತಾ ಸಾರ್?” ಅಂದೆ.

“ಯಾವ ತೆರಿಗೆ ಅನ್ನೋದರಲ್ಲಿ ತಪ್ಪಿದ್ದೀಯ, ತೆರಿಗೆ ಮುಚ್ಚಿಟ್ಟಿಲ್ಲ. ಇಂಥದ್ದಕ್ಕೆ ಬಡ್ಡಿನೂ ಇಲ್ಲ. ಆದ್ರೆ ಸರಿಯಾದ ದಾರೀಲಿ ತಿದ್ದಬೇಕು.”

ಲೆಕ್ಕದವರು ಹೇಳಿದ ಉಪಾಯವನ್ನು ಹೇಳಿದೆ. ಮೇಷ್ಟ್ರು ನಗಲಿಲ್ಲ. “ಕೊಟ್ಟ ಬಿಲ್ಲನ್ನ ಹರಿಯೋಕೆ ಆಗಲ್ಲ. ಅದರ ಮೇಲೆ ಕ್ರೆಡಿಟ್ ನೋಟ್ ಬರೀಬೇಕು. ಅಂದ್ರೆ, ಇಂಥ ನಂಬರಿನ, ಇಂಥ ತಾರೀಖಿನ ಬಿಲ್ಲಲ್ಲಿ ಹಾಕಿದ್ದ ಇಷ್ಟು ಮೊತ್ತ, ಇಷ್ಟು ತೆರಿಗೆ ವಾಪಸ್ ತಗೊಂಡೆ ಅಂತ. ಆಮೇಲೆ ಹೊಸ ನಂಬರಲ್ಲಿ ಹೊಸ ಬಿಲ್ಲು. ಎರಡಕ್ಕೂ ಇವತ್ತಿನ ತಾರೀಖು. ಹಿಂದಿನ ತಾರೀಖು ಹಾಕೋ ಆಸೆ ಬೇಡ.”

ಅಲ್ಲೇ ಅವರ ಮೇಜಿನ ಮೇಲೆ ಬರೆಯಲು ಕೂತೆ. ಅವರು ಪಕ್ಕದಲ್ಲಿ ಬೇರೆಯವರ ಕಾಗದ ನೋಡುತ್ತಾ ನನಗೆ ಹೇಳಿಕೊಡುತ್ತಿದ್ದರು. ಕ್ರೆಡಿಟ್ ನೋಟ್ ಎಂದು ಮೇಲೆ ಸ್ಪಷ್ಟವಾಗಿ ಬರೆದೆ. ಅದಕ್ಕೆ ಬೇರೆಯದೇ ಕ್ರಮಸಂಖ್ಯೆ. ನನ್ನ ವಿವರ, ಅವರ ವಿವರ, ಹಳೆಯ ಬಿಲ್ಲಿನ ನಂಬರು ಮತ್ತು ತಾರೀಖು. ಇಪ್ಪತ್ನಾಲ್ಕು ಸಾವಿರ, ಒಂಬತ್ತು ಮತ್ತು ಒಂಬತ್ತು. ಅಂಕಿಗಳನ್ನು ಮೂರು ಸಲ ತಾಳೆ ನೋಡಿದೆ. ಆಂಧ್ರ ಘಟಕದ ಜಿಎಸ್‌ಟಿ ನಂಬರನ್ನು ಒಂದೊಂದೇ ಅಕ್ಷರ ಬೆರಳಿಟ್ಟು ಓದಿದೆ. ಹದಿನೈದು ಅಕ್ಷರ.

“ಇದನ್ನ ಈ ತಿಂಗಳ ರಿಟರ್ನ್‌ನಲ್ಲಿ ತೋರಿಸು,” ಅಂದರು ಮೇಷ್ಟ್ರು. “ಶಿರಾದವರ ಬಿಲ್ಲಿಗೆ ನೀನು ಕಟ್ಟಬೇಕಾದ್ದು ಇದರಲ್ಲೇ ಹೊಂದ್ಕೊಳ್ಳುತ್ತೆ. ಐಜಿಎಸ್‌ಟಿ ಮಾತ್ರ ಕೈಯಿಂದ ಕಟ್ಟು. ಆ ಘಟಕದವರು ಹಳೇ ಬಿಲ್ಲಿನ ತೆರಿಗೆ ವಜಾ ಮಾಡ್ಕೊಂಡಿಲ್ಲ, ಅಂದ್ರೆ ಕ್ರೆಡಿಟ್ ತಗೊಂಡಿಲ್ಲ, ಅಂತ ಒಂದು ಪತ್ರ ಬರೆಸಿಕೊ. ಈಗ ಹೊಸ ಬಿಲ್ಲು ಬರಿ. ಬರೀ ‘ಸಲಹೆ’ ಅನ್ನಬೇಡ, ಯಾವ್ಯಾವ ದಿನ ಹೋಗಿದ್ದೆ ಅಂತ ಹಾಕು. ಸೇವೆ ಸಲ್ಲಿಸಿದ ಸ್ಥಳ ಆಂಧ್ರಪ್ರದೇಶ ಅಂತ ರಾಜ್ಯದ ಹೆಸರು ಬರೀಲೇಬೇಕು.”

ದಿನಗಳಿಗಾಗಿ ಚೀಲದಿಂದ ನನ್ನ ಪುಟ್ಟ ಡೈರಿ ತೆಗೆದೆ. ಹೋದ ತಿಂಗಳ ಬುಧವಾರಗಳು. ಮೊದಲನೆಯದು, ತೇವಾಂಶ ಪರೀಕ್ಷೆ. ಎರಡನೆಯದು, ಆರಿಸುವವರಿಗೆ ತರಬೇತಿ. ಮೂರನೆಯದರ ಎದುರು ನನ್ನದೇ ಅಕ್ಷರದಲ್ಲಿ ‘ಹುರಿಯುವ ಯಂತ್ರ ರಿಪೇರಿ, ಬರಬೇಡಿ ಎಂದರು’ ಎಂದಿತ್ತು. ನಾಲ್ಕನೆಯದು, ದಾಖಲೆ ಪರಿಶೀಲನೆ.

ಎಣಿಸಿದೆ. ಮತ್ತೆ ಎಣಿಸಿದೆ. ಹೋದದ್ದು ಮೂರು ಸಲ.

ಹೇಗಾಯಿತು ಎಂದು ತಿಳಿಯಲು ಬಹಳ ಹೊತ್ತು ಬೇಕಾಗಲಿಲ್ಲ. ಶಿರಾದ ಗೋಡೌನಿನ ಇನ್‌ವಾಯ್ಸನ್ನೇ ನಕಲು ಮಾಡಿ ಹೆಸರು ಬದಲಿಸಿದ್ದೆ. ಅವರಿಗೆ ತಿಂಗಳಿಗೆ ನಾಲ್ಕು ಭೇಟಿ, ಕರ್ನಾಟಕದ ತೆರಿಗೆ. ನಾಲ್ಕೂ ಬಂತು, ತೆರಿಗೆಯೂ ಬಂತು. ಲೆಕ್ಕದವರು ತೆರಿಗೆಯ ತಪ್ಪನ್ನು ಹಿಡಿದಿದ್ದರು. ಇದನ್ನು ಯಾರೂ ಹಿಡಿದಿರಲಿಲ್ಲ. ಅಕ್ಕ ಒಪ್ಪಿಗೆ ಹಾಕಿಯೂ ಆಗಿತ್ತು.

ಆ ಮೇಜಿನ ಮುಂದೆ ಕೂತು ನಾನು ಯೋಚಿಸಿದ್ದನ್ನೆಲ್ಲ ಬರೆಯಲು ನಾಚಿಕೆಯಾಗುತ್ತದೆ. ಆ ದಿನ ಬೇರೆ ಕೆಲಸ ಬಿಟ್ಟು ಕಾಯ್ದಿರಿಸಿದ್ದೆನಲ್ಲ, ಅದಕ್ಕೆ ಬೆಲೆ ಇಲ್ಲವೇ ಅಂದುಕೊಂಡೆ. ಒಂದು ತಪ್ಪು ಮಾಡಿದವಳು ಎಂದಾಗಲೇ ಹೆಸರಾಗಿದೆ, ಇನ್ನೊಂದನ್ನು ನಾನೇ ಬಾಯಿ ಬಿಟ್ಟು ಹೇಳಿದರೆ ಮುಂದಿನ ತಿಂಗಳು ಕರೆಯುತ್ತಾರೆಯೇ ಅಂದುಕೊಂಡೆ. ದಿನಗಳನ್ನು ಬರೆಯದೆ ‘ತಿಂಗಳ ಸಲಹಾ ಶುಲ್ಕ’ ಎಂದು ಹಾಕಿದರೆ ಸಾಕಲ್ಲ ಎಂದೂ ಅಂದುಕೊಂಡೆ.

“ಯಾಕಮ್ಮ, ಕೈ ನಿಂತ್ಬುಡ್ತು?” ಎಂದು ಮೇಷ್ಟ್ರು ಕೇಳಿದರು.

ಹೇಳಿದೆ. ಅವರು ಡೈರಿ ಕಡೆ ನೋಡಿ, ನನ್ನ ಕಡೆ ನೋಡಿದರು. “ಅದು ನೀನೂ ಅವರೂ ಮಾತಾಡ್ಕೊಬೇಕಾದ್ದು. ನೀನು ಹೋಗಿದ್ದು ಎಷ್ಟು ಅಂತ ನನಗೆ ಗೊತ್ತಾಗಲ್ಲ, ತೆರಿಗೆ ಇಲಾಖೆಗೂ ಗೊತ್ತಾಗಲ್ಲ. ನೀನು ಸಹಿ ಹಾಕೋ ಕಾಗದದಲ್ಲಿ ಏನಿರಬೇಕು ಅನ್ನೋದು ನಿಂಗೆ ಗೊತ್ತು.”

ಮೂರು ದಿನಗಳನ್ನು ಬರೆದೆ. ಹದಿನೆಂಟು ಸಾವಿರ. ಐಜಿಎಸ್‌ಟಿ ಶೇಕಡಾ ಹದಿನೆಂಟು, ಮೂರು ಸಾವಿರದ ಇನ್ನೂರ ನಲವತ್ತು. ಒಟ್ಟು ಇಪ್ಪತ್ತೊಂದು ಸಾವಿರದ ಇನ್ನೂರ ನಲವತ್ತು. ಬರೆದಾದ ಮೇಲೆ ಹಗುರಾಗುತ್ತದೆ ಎನ್ನುತ್ತಾರೆ. ನನಗೆ ಹಾಗೇನೂ ಆಗಲಿಲ್ಲ.

ವಾಟ್ಸಾಪ್‌ನಲ್ಲಿ ಕಳಿಸಿ ಸುಮ್ಮನಾಗಬಹುದಿತ್ತು. ಆದರೆ ಮೊತ್ತ ಏಕೆ ಇಳಿಯಿತು ಎಂದು ಲೆಕ್ಕದವರು ಕೇಳುತ್ತಾರೆ, ಅವರ ಬಾಯಿಂದ ಅಕ್ಕನಿಗೆ ಹೋಗುತ್ತದೆ. ಎರಡೂ ಕಾಗದ ಅಚ್ಚು ಹಾಕಿಸಿಕೊಂಡು ಅಲ್ಲಿಂದಲೇ ಪಾವಗಡದ ಬಸ್ ಹತ್ತಿದೆ. ಕಿಟಕಿ ಪಕ್ಕ ಸೀಟು ಸಿಕ್ಕಿತು. ಅವತ್ತು ನಿದ್ದೆ ಬರಲಿಲ್ಲ. ಅಕ್ಕನಿಗೆ ಹೇಗೆ ಶುರು ಮಾಡಲಿ ಎಂದು ಮನಸ್ಸಿನಲ್ಲೇ ಹತ್ತಾರು ಸಲ ಹೇಳಿಕೊಂಡೆ. ಪ್ರತಿ ಸಲವೂ ಅದು ಸಬೂಬಿನ ಹಾಗೇ ಕೇಳುತ್ತಿತ್ತು.

ಘಟಕ ತಲುಪಿದಾಗ ಮಧ್ಯಾಹ್ನ ಮೂರು. ಬೆಲ್ಲದ ಪಾಕ ಕುದಿಯುತ್ತಿತ್ತು. ಅಕ್ಕ ಒಲೆಯ ಹತ್ತಿರ ನಿಂತಿದ್ದವರು ಕೈ ಒರೆಸಿಕೊಂಡು ಆಫೀಸಿಗೆ ಬಂದರು. ಲೆಕ್ಕದವರೂ ಅಲ್ಲೇ ಇದ್ದರು.

“ಇವತ್ತು ಬುಧವಾರ ಅಲ್ಲವಲ್ಲ ಮೇಡಂ?” ಅಂದರು ಅಕ್ಕ.

“ಬಿಲ್ಲಿನ ವಿಷಯಕ್ಕೆ ಬಂದೆ ಅಕ್ಕ. ತಪ್ಪು ಎರಡಿತ್ತು.”

ಮೊದಲು ಕ್ರೆಡಿಟ್ ನೋಟ್ ಕೊಟ್ಟು, ಹಳೆಯ ಬಿಲ್ಲು ಇದರಿಂದ ಪೂರ್ತಿ ರದ್ದಾದ ಹಾಗೆ ಎಂದು ವಿವರಿಸಿದೆ, ಅದರ ಕ್ರೆಡಿಟ್ ತೆಗೆದುಕೊಂಡಿಲ್ಲ ಎಂಬ ಪತ್ರವೂ ಬೇಕು ಅಂದೆ. ಲೆಕ್ಕದವರು ತಲೆಯಾಡಿಸಿದರು. ಹೊಸ ಬಿಲ್ಲು ನೋಡಿ ಅವರ ಹುಬ್ಬು ಮೇಲೆ ಹೋಯಿತು. “ಹದಿನೆಂಟು ಸಾವಿರ?”

“ನಾನು ಬಂದಿದ್ದು ಮೂರೇ ಸಲ. ಯಂತ್ರ ರಿಪೇರಿ ಇದ್ದ ವಾರ ಬಂದಿರಲಿಲ್ಲ. ಬೇರೆ ಬಿಲ್ಲು ನಕಲು ಮಾಡುವಾಗ ನಾಲ್ಕು ಅಂತ ಉಳಿದುಹೋಗಿದೆ.”

ಅಕ್ಕ ಕಾಗದವನ್ನು ಕೈಗೆ ತೆಗೆದುಕೊಂಡರು. ಅವರಿಗೆ ಕನ್ನಡ ಓದಲು ಬರುತ್ತಿತ್ತು, ಇಂಗ್ಲಿಷ್ ಅಂಕಿಗಳೂ ಗೊತ್ತಿದ್ದವು. ನಿಧಾನವಾಗಿ ನೋಡಿದರು.

“ಅವುನಾ,” ಅಂದರು, ತಮ್ಮಷ್ಟಕ್ಕೇ ಹೌದಾ ಎನ್ನುವ ಹಾಗೆ. ಆಮೇಲೆ ನನ್ನ ಕಡೆ ತಿರುಗಿ, “ನಾನು ಸಹಿ ಹಾಕಿದ್ನಲ್ಲ ಆ ಬಿಲ್ಲಿಗೆ.”

“ಹಾಕಿದ್ರಿ.”

“ನೀವು ಹೇಳ್ದೆ ಇದ್ದಿದ್ರೆ ನಂಗೆ ಗೊತ್ತಾಗ್ತಿತ್ತಾ?”

“ಇಲ್ಲ ಅಕ್ಕ.”

ಅವರು ಹೊಗಳುತ್ತಾರೆ ಎಂದು ಒಳಗೊಳಗೆ ಕಾಯುತ್ತಿದ್ದೆನೇನೋ. ಅವರ ಮುಖ ಬಿಗಿದಿತ್ತು. “ನಿಮ್ಮನ್ನ ನಂಬಿ ನೋಡ್ದೆ ಹಾಕಿದ್ದೆ. ಬೀಜ ಆರಿಸೋವಾಗ ಒಂದು ಕೆಟ್ಟದ್ದು ಬಿಟ್ರೂ ಇಡೀ ಲೋಡು ಹೋಗುತ್ತೆ ಅಂತ ನೀವೇ ನಮ್ಮ ಹೆಣ್ಮಕ್ಳಿಗೆ ಹೇಳ್ತೀರಿ. ನಿಮ್ಮ ಕಾಗದ ನೀವು ನೋಡ್ಕೊಳೋದು ಬೇಡ್ವಾ?”

ಲೆಕ್ಕದವರು ಎದ್ದು ನೀರು ತರಲು ಹೋದರು. ಹೊರಗೆ ಪಾಕದ ಸೌಟು ಕಡಾಯಿಗೆ ತಾಗುವ ಸದ್ದು ಬರುತ್ತಿತ್ತು. ಈ ಕೆಲಸ ಹೋಯಿತು ಅಂದುಕೊಂಡೆ. ಇಲ್ಲಿಂದ ಶಿರಾಕ್ಕೆ ಎಷ್ಟು ಹೊತ್ತಿಗೆ ಬಸ್ಸಿದೆ ಎಂದು ಮನಸ್ಸು ಲೆಕ್ಕ ಹಾಕಲು ಶುರು ಮಾಡಿತು.

ಲೆಕ್ಕದವರು ನೀರು ತಂದಿಟ್ಟ ಮೇಲೆ ಅಕ್ಕ, “ಆ ಪತ್ರ ಏನೋ ಬೇಕು ಅಂದ್ರಲ್ಲ, ಬರೀರಿ,” ಅಂದರು. ಹಳೆಯ ಬಿಲ್ಲಿನ ತೆರಿಗೆಯ ಕ್ರೆಡಿಟ್ ನಾವು ತೆಗೆದುಕೊಂಡಿಲ್ಲ ಎಂದು ನಾಲ್ಕು ಸಾಲು ಬರೆದುಕೊಟ್ಟೆ. ಲೆಕ್ಕದವರು ತಮ್ಮ ಪುಸ್ತಕದ ಜೊತೆ ತಾಳೆ ನೋಡಿ ಸರಿ ಎಂದ ಮೇಲೆ, ಈ ಸಲ ಅಕ್ಕ ಒಂದೊಂದು ಸಾಲನ್ನೂ ಅವರಿಂದ ಜೋರಾಗಿ ಓದಿಸಿಕೊಂಡರು. ಆಮೇಲೆ ಸಹಿ ಹಾಕಿ ಮೊಹರು ಒತ್ತಿದರು. ಕ್ರೆಡಿಟ್ ನೋಟ್‌ನ ಪ್ರತಿಯನ್ನೂ ಹೊಸ ಬಿಲ್ಲನ್ನೂ ಒಂದೇ ಪಿನ್ನಿಗೆ ಚುಚ್ಚಿ ಕಡತಕ್ಕೆ ಸೇರಿಸಿದರು. ಹಳೆಯದನ್ನು ಹರಿಯಲಿಲ್ಲ, ಅದರ ಅಡಿಯಲ್ಲೇ ಇಟ್ಟರು.

ಹೊರಡುವಾಗ ಬುಧವಾರ ಬರಲೇ ಎಂದು ಕೇಳುವ ಧೈರ್ಯ ಆಗಲಿಲ್ಲ. ಅವರೂ ಹೇಳಲಿಲ್ಲ.

ಆ ಮೂರು ನಾಲ್ಕು ದಿನ ನಾನು ಮನೆಯಲ್ಲಿ ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ. ಫೋನ್ ಸದ್ದಾದರೆ ಓಡಿ ಹೋಗಿ ನೋಡುತ್ತಿದ್ದೆ. ಶಿರಾದ ಗೋಡೌನಿಗೆ ಕಳಿಸಿದ್ದ ಹಳೆಯ ಬಿಲ್ಲುಗಳನ್ನೆಲ್ಲ ಹೊರಗೆ ತೆಗೆದು ಡೈರಿಯ ಜೊತೆ ಹೋಲಿಸಿದೆ. ಅವು ಸರಿಯಾಗಿದ್ದವು. ಆದರೂ ಎರಡನೇ ಸಲ ನೋಡಿದೆ. ಅಮ್ಮಿ ಊಟದ ತಟ್ಟೆಯನ್ನು ಆ ಕಾಗದಗಳ ಪಕ್ಕವೇ ತಂದಿಟ್ಟು ಹೋಗುತ್ತಿದ್ದರು.

ಮಂಗಳವಾರ ಲೆಕ್ಕದವರ ಸಂದೇಶ ಬಂತು. ಹಣ ಹಾಕಿದ್ದೇವೆ, ನಾಳೆ ಹೊಸ ಲೋಡು ಬರುತ್ತದೆ, ತೇವಾಂಶದ ಮೀಟರ್ ತನ್ನಿ.

ಬುಧವಾರ ಹೋದೆ. ಗೇಟಿನ ಪಕ್ಕ ಒಂದು ಸ್ಟೂಲು ಹಾಕಿ ಅದರ ಮೇಲೆ ಉದ್ದನೆಯ ರಿಜಿಸ್ಟರ್ ಇಟ್ಟಿದ್ದರು. ಮೊದಲ ಪುಟದಲ್ಲಿ ಗೆರೆ ಎಳೆದು ಬಂದ ದಿನ, ಬಂದ ವೇಳೆ, ಹೋದ ವೇಳೆ, ಸಹಿ ಎಂದು ಬರೆದಿತ್ತು. ಕಾವಲಿನವರು ಪೆನ್ನು ಕೊಟ್ಟರು. “ಅಕ್ಕ ಹೇಳವ್ರೆ, ಮೇಡಂ ಬಂದ್ರೆ ಬರೆಸ್ಕೋ ಅಂತ.”

ಆರಿಸುವ ಹೆಂಗಸರು ಒಳಗೆ ಹೋಗುತ್ತಾ ನೋಡುತ್ತಿದ್ದರು. ಅವರ ಹಾಜರಿಗೆ ಬೇರೆ ಪುಸ್ತಕವಿತ್ತು. ಈ ಪುಸ್ತಕ ನನ್ನೊಬ್ಬಳಿಗೇ. ಹೇಳಿದ ತಪ್ಪಿಗೆ ಇದು ಬಹುಮಾನವೇ ಎಂಬ ಮಾತು ಬಾಯಿಯ ತನಕ ಬಂತು. ಬರೆದೆ, ಸಹಿ ಹಾಕಿದೆ.

ಒಳಗೆ ಅಕ್ಕ ಮಾಮೂಲಿನ ಹಾಗೆಯೇ ಇದ್ದರು. ಹಳೆಯ ಮಾತು ಎತ್ತಲಿಲ್ಲ. ಹೊಸ ಲೋಡಿನ ಮೊದಲ ಚೀಲ ಬಿಚ್ಚಿಸಿ, ಒಂದು ಹಿಡಿ ಬೀಜ ನನ್ನ ಅಂಗೈಗೆ ಸುರಿದು, “ನಂಗೇನೋ ಹಸಿ ಅನ್ನಿಸ್ತೈತೆ, ನೋಡಿ ಹೇಳ್ರಿ,” ಅಂದರು. ಮೀಟರಿನಲ್ಲಿ ಹಾಕಿದೆ. ಅವರು ಹೇಳಿದ್ದು ನಿಜ, ತೇವ ಹೆಚ್ಚೇ ಇತ್ತು. ಎರಡು ದಿನ ಬಿಸಿಲಿಗೆ ಹರಡಬೇಕು ಅಂದೆ. ಅವರು ಮರು ಮಾತಾಡದೆ ಕೂಲಿಯವರನ್ನು ಕರೆದು ಟಾರ್ಪಾಲು ಹಾಸಲು ಹೇಳಿದರು.

ಮುಂದಿನ ತಿಂಗಳು ರಿಟರ್ನ್ ಹಾಕುವಾಗ ಮೇಷ್ಟ್ರ ಎದುರೇ ಕೂತು ಹಾಕಿದೆ, ಅವರಿಗೆ ಫೀಸು ಕೊಟ್ಟು. ಕ್ರೆಡಿಟ್ ನೋಟ್ ಅದರ ಜಾಗದಲ್ಲಿ, ಹೊಸ ಬಿಲ್ಲು ಅದರ ಜಾಗದಲ್ಲಿ ಕೂತವು. ಪೋರ್ಟಲ್‌ನಲ್ಲಿ ಆ ತಿಂಗಳ ಪಟ್ಟಿ ಬರುವ ಹದಿನಾಲ್ಕನೇ ತಾರೀಖು ಆದ ಮೇಲೆ ಲೆಕ್ಕದವರು ಫೋನ್ ಮಾಡಿ, ಐಜಿಎಸ್‌ಟಿ ಈಗ ಸಿಗುವ ಕಡೆ ಬಂದಿದೆ, ಕ್ರೆಡಿಟ್ ನೋಟನ್ನೂ ಒಪ್ಪಿಕೊಂಡಿದ್ದೇವೆ ಅಂದರು.

ಆ ರಿಜಿಸ್ಟರ್ ಈಗಲೂ ಅಲ್ಲಿದೆ. ಎರಡನೇ ಪುಸ್ತಕ ನಡೆಯುತ್ತಿದೆ. ತಿಂಗಳ ಕೊನೆಯಲ್ಲಿ ಬಿಲ್ಲು ಬರೆಯುವ ಮೊದಲು ಆ ತಿಂಗಳ ಪುಟದ ಫೋಟೋ ಕಳಿಸಿ ಎಂದು ಕಾವಲಿನವರನ್ನು ಕೇಳುತ್ತೇನೆ. ಅದು ಬರುವ ತನಕ ಒಂದು ಸಾಲನ್ನೂ ಬರೆಯುವುದಿಲ್ಲ. ಬರೆದ ಮೇಲೂ ಕಳಿಸುವ ಮುಂಚೆ ಎದೆ ಸ್ವಲ್ಪ ಹೊಡೆದುಕೊಳ್ಳುತ್ತದೆ. ಅದು ಹೋಗುವ ಲಕ್ಷಣ ಕಾಣುತ್ತಿಲ್ಲ.